‘ಝೀರೋ ಪಾಯಿಂಟ್ ಎನರ್ಜಿ’ ಪೆಂಡೆಂಟ್ ಹಾಕಿಕೊಂಡರೆ ಶುಗರ್ ಇಳಿಯುತ್ತದೆಯೇ?

ಫಾರ್ವರ್ಡ್‌ನಲ್ಲಿರುವ ಹೇಳಿಕೆ: “ಎಲ್ಲವೂ ಹೆಪ್ಪುಗಟ್ಟುವ ತಾಪಮಾನದಲ್ಲೂ ಅಣುಗಳಲ್ಲಿ ಶಕ್ತಿ ಉಳಿದಿರುತ್ತದೆ ಎಂದು ಕ್ವಾಂಟಮ್ ವಿಜ್ಞಾನವೇ ಒಪ್ಪಿದೆ. ಈ ಪೆಂಡೆಂಟ್ ಆ ಶಕ್ತಿಯನ್ನು ಸೆಳೆದು ದೇಹಕ್ಕೆ ಕೊಡುತ್ತದೆ. ಶುಗರ್, ಬಿಪಿ, ಮಂಡಿನೋವಿಗೆ ಇನ್ನು ಮಾತ್ರೆ ಬೇಡ.”

ಕೆ.ಆರ್. ಪುರಂನ ಓದುಗರೊಬ್ಬರು ಇದನ್ನು ನಮಗೆ ಕಳುಹಿಸಿ, ನಿಜವೇ ಎಂದು ಕೇಳಿದ್ದಾರೆ. ಅವರ ತಾಯಿ ಪೆಂಡೆಂಟಿಗೆ ಮುಂಗಡ ಕೊಟ್ಟಾಗಿದೆ, ಮನೆಯಲ್ಲಿ ಈಗ ಶುಗರ್ ಮಾತ್ರೆ ನಿಲ್ಲಿಸುವ ಮಾತು ನಡೆದಿದೆಯಂತೆ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಮಾತ್ರೆ ನಿಲ್ಲಿಸಬೇಡಿ. ಫಾರ್ವರ್ಡ್‌ನ ಮೊದಲ ವಾಕ್ಯ ಹೆಚ್ಚುಕಡಿಮೆ ನಿಜ, ಎರಡನೆಯದು ಪೂರ್ತಿ ಸುಳ್ಳು. ಮೊದಲನೆಯದು ನಿಜವಾಗಿರುವುದರಿಂದಲೇ ಓದಿದವರೂ ಎರಡನೆಯದನ್ನು ನಂಬಿಬಿಡುತ್ತಾರೆ. ಆ ಮೊದಲ ವಾಕ್ಯ ಏನು ಹೇಳುತ್ತದೆ ಎಂದು ಸರಿಯಾಗಿ ತಿಳಿದರೆ, ಎರಡನೆಯದು ಯಾಕೆ ಆಗದ ಮಾತು ಎಂಬುದು ಅದರಲ್ಲೇ ಸಿಗುತ್ತದೆ.

ಉಯ್ಯಾಲೆ ನಿಲ್ಲುತ್ತದೆ, ಅಣು ನಿಲ್ಲುವುದಿಲ್ಲ

ಇಂದಿರಾನಗರದ ಯಾವುದಾದರೂ ಪಾರ್ಕಿನ ಉಯ್ಯಾಲೆ ತೆಗೆದುಕೊಳ್ಳಿ. ಸರಪಳಿ ಎರಡು ಮೀಟರ್ ಇದ್ದರೆ ಒಂದು ಸಲ ಹೋಗಿ ಬರಲು ಸುಮಾರು 2.8 ಸೆಕೆಂಡು ಬೇಕು. ಮಧ್ಯದಿಂದ ಆಚೆ ಹೋದಷ್ಟೂ ಅದನ್ನು ಹಿಂದಕ್ಕೆ ಎಳೆಯುವ ಬಲ ಜಾಸ್ತಿಯಾಗುತ್ತದೆ. ಸ್ಪ್ರಿಂಗಿಗೆ ಕಟ್ಟಿದ ಗುಂಡೂ ಹೀಗೆಯೇ ಆಡುತ್ತದೆ. ಇಂಥದ್ದಕ್ಕೆ ಭೌತವಿಜ್ಞಾನದಲ್ಲಿ ಹಾರ್ಮೋನಿಕ್ ಆಸಿಲೇಟರ್ ಎನ್ನುತ್ತಾರೆ.

ನ್ಯೂಟನ್ ಕಾಲದ ಲೆಕ್ಕದಲ್ಲಿ ಉಯ್ಯಾಲೆಗೆ ಎಷ್ಟು ಶಕ್ತಿ ಬೇಕಾದರೂ ಇರಬಹುದು. ಸ್ವಲ್ಪ ತಳ್ಳಿದರೆ ಸ್ವಲ್ಪ, ಜೋರಾಗಿ ತಳ್ಳಿದರೆ ಜಾಸ್ತಿ. ಮಗು ಇಳಿದು ಹೋದ ಮೇಲೆ ನಿಧಾನವಾಗಿ ನಿಂತು, ಶಕ್ತಿ ಸೊನ್ನೆಯಾಗುತ್ತದೆ. ನಾವು ದಿನಾ ನೋಡುವುದೂ ಇದನ್ನೇ.

ಈಗ ಉಯ್ಯಾಲೆಯ ಜಾಗದಲ್ಲಿ ನೈಟ್ರೋಜನ್ ಅಣು ಇಡಿ. ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇರುವುದು ಅದೇ. ಎರಡು ಪರಮಾಣುಗಳು, ನಡುವೆ ಸ್ಪ್ರಿಂಗಿನಂಥ ಬಂಧ. ಅವು ಹತ್ತಿರ ಬಂದು ದೂರ ಸರಿಯುತ್ತಾ ಸೆಕೆಂಡಿಗೆ ಸುಮಾರು 70 ಲಕ್ಷ ಕೋಟಿ ಸಲ ಕಂಪಿಸುತ್ತವೆ. ಈ ಗಾತ್ರದಲ್ಲಿ ನಿಯಮವೇ ಬೇರೆ. ಶಕ್ತಿ ಎಷ್ಟು ಬೇಕಾದರೂ ಇರುವಂತಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಇರಬೇಕು. ಸೂತ್ರ ಚಿಕ್ಕದು:

E = (n + ½) h f

ಇಲ್ಲಿ f ಅಂದರೆ ಸೆಕೆಂಡಿಗೆ ಎಷ್ಟು ಕಂಪನ. h ಅಂದರೆ ಪ್ಲಾಂಕ್ ಸ್ಥಿರಾಂಕ ಎಂಬ ಅತಿ ಚಿಕ್ಕ ಸಂಖ್ಯೆ. n ಎಂದರೆ ಎಷ್ಟನೇ ಮೆಟ್ಟಿಲು: 0, 1, 2, ಹೀಗೆ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಕಲ್ಯಾಣಿ ನೋಡಿದವರು ಅದರ ಮೆಟ್ಟಿಲುಗಳನ್ನು ನೆನಪಿಸಿಕೊಳ್ಳಿ. ಅಂಥದ್ದೊಂದು ಕಲ್ಯಾಣಿಯಲ್ಲಿ ಎಲ್ಲ ಮೆಟ್ಟಿಲೂ ಒಂದೇ ಎತ್ತರ, ಒಂದೊಂದೂ hf. ಎರಡು ಮೆಟ್ಟಿಲಿನ ನಡುವೆ ಕಾಲಿಡಲು ಜಾಗವಿಲ್ಲ. ವಿಚಿತ್ರ ಏನೆಂದರೆ, ತೀರಾ ಕೆಳಗಿನ ಮೆಟ್ಟಿಲು ನೆಲಕ್ಕೆ ತಾಗಿಲ್ಲ, ಅರ್ಧ ಮೆಟ್ಟಿಲಿನಷ್ಟು ಮೇಲಿದೆ. n ಸೊನ್ನೆಯಾದರೂ ½hf ಉಳಿಯುತ್ತದೆ. ಆ ಅರ್ಧ ಮೆಟ್ಟಿಲೇ ಝೀರೋ ಪಾಯಿಂಟ್ ಎನರ್ಜಿ, ಕನ್ನಡದಲ್ಲಿ ಶೂನ್ಯಬಿಂದು ಶಕ್ತಿ.

ಯಾಕೆ ಪೂರ್ತಿ ನಿಲ್ಲಬಾರದು? ನಿಂತ ಉಯ್ಯಾಲೆಯ ಬಗ್ಗೆ ನಮಗೆ ಎರಡು ವಿಷಯ ಖಚಿತವಾಗಿ ಗೊತ್ತು: ಅದು ಸರಿಯಾಗಿ ಮಧ್ಯದಲ್ಲಿದೆ, ಅದರ ವೇಗ ಸೊನ್ನೆ. ಈ ಎರಡೂ ಒಟ್ಟಿಗೆ ಖಚಿತವಾಗಿರುವ ಸ್ಥಿತಿಯೇ ಪ್ರಕೃತಿಯಲ್ಲಿ ಇಲ್ಲ. ಪರಮಾಣುವನ್ನು ಮಧ್ಯಕ್ಕೆ ಒತ್ತಿ ಹಿಡಿದಷ್ಟೂ ಅದರ ವೇಗದ ಚದುರುವಿಕೆ ಹೆಚ್ಚುತ್ತದೆ, ಅಂದರೆ ಚಲನೆಯ ಶಕ್ತಿ ಏರುತ್ತದೆ. ಸಡಿಲ ಬಿಟ್ಟರೆ ಮಧ್ಯದಿಂದ ದೂರ ಹರಡಿಕೊಂಡು ಸ್ಪ್ರಿಂಗಿನ ಶಕ್ತಿ ಏರುತ್ತದೆ. ಎರಡೂ ಸೇರಿ ಅತಿ ಕಡಿಮೆಯಾಗುವ ಒಂದು ರಾಜಿ ಇದೆ, ಅಲ್ಲಿ ಲೆಕ್ಕ ಹಾಕಿದರೆ ಬರುವುದು ಸರಿಯಾಗಿ ½hf.

ಇದೇ ನಿಯಮ ಉಯ್ಯಾಲೆಗೂ ಇದೆ. 20 ಕಿಲೋ ಮಗು ಕೂತು ನಿಂತಿರುವ ಉಯ್ಯಾಲೆಯ ಶೂನ್ಯಬಿಂದು ಅಲುಗಾಟವನ್ನು ಲೆಕ್ಕ ಹಾಕಿದರೆ, ಅದು ಒಂದು ಪ್ರೋಟಾನಿನ ಅಗಲದ ಸಾವಿರದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅದೇ ಮಗು ಅರ್ಧ ಮೀಟರ್ ಮೇಲಕ್ಕೆ ಹೋದಾಗ ಇರುವ ಶಕ್ತಿ ಸುಮಾರು 100 ಜೂಲ್. ಅಷ್ಟರೊಳಗೆ ಎಷ್ಟು ಮೆಟ್ಟಿಲಿವೆ ಎಂದರೆ 4ರ ಮುಂದೆ 35 ಸೊನ್ನೆ ಬರೆಯಬೇಕು. ಅಷ್ಟು ಒತ್ತಾದ ಮೆಟ್ಟಿಲುಗಳು ಕಣ್ಣಿಗೆ ಇಳಿಜಾರಿನಂತೆಯೇ ಕಾಣುತ್ತವೆ. ನ್ಯೂಟನ್ ಲೆಕ್ಕ ಉಯ್ಯಾಲೆಗೆ ಸರಿಹೋಗುವುದು ಅದಕ್ಕೇ.

ಮೆಟ್ಟಿಲು ಇವೆ ಎಂದು ಹೇಗೆ ಗೊತ್ತು? ರೈಲಿನ ಹಾರ್ನ್ ಕೇಳಿ

ಇದೆಲ್ಲ ಬರೀ ಗಣಿತವಲ್ಲವೇ ಎಂದು ನೀವು ಕೇಳಬಹುದು. ಕಂಟೋನ್ಮೆಂಟ್ ಸ್ಟೇಷನ್ ಕಡೆಯಿಂದ ಬರುವ ರೈಲಿನ ಹಾರ್ನ್ ಒಂದು ಕಿಲೋಮೀಟರ್ ದೂರದಲ್ಲಿ ನಿಮಗೆ ಕೇಳಿಸುತ್ತದೆ ಎಂದುಕೊಳ್ಳಿ. ಗಾಳಿ 20 ಡಿಗ್ರಿಯಲ್ಲಿದ್ದರೆ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಹಾರ್ನ್ ನಿಮ್ಮನ್ನು ತಲುಪಲು ಸುಮಾರು 2.92 ಸೆಕೆಂಡು.

ಹಳೆಯ ಲೆಕ್ಕದ ಪ್ರಕಾರ ಗಾಳಿ ಬಿಸಿಯಾದಾಗ ಅಣುಗಳ ಓಟ ಮತ್ತು ತಿರುಗಾಟದ ಜೊತೆಗೆ ಒಳಗಿನ ಸ್ಪ್ರಿಂಗ್ ಕೂಡ ಶಾಖದಲ್ಲಿ ತನ್ನ ಪಾಲು ಪಡೆಯಬೇಕು. ಶಬ್ದವೆಂದರೆ ಗಾಳಿ ಅದುಮಿ ಬಿಡುವ ಅಲೆ ತಾನೆ? ಅದುಮಿದಾಗ ಹುಟ್ಟುವ ಶಾಖದಲ್ಲಿ ಸ್ಪ್ರಿಂಗ್ ಪಾಲು ತೆಗೆದುಕೊಂಡರೆ ಗಾಳಿ ಸ್ವಲ್ಪ ಮೆತ್ತಗಾಗಿ ವರ್ತಿಸುತ್ತದೆ, ಶಬ್ದ ನಿಧಾನವಾಗುತ್ತದೆ. ಆಗ ವೇಗ ಸುಮಾರು 329 ಮೀಟರ್ ಆಗಬೇಕಿತ್ತು. ಒಂದು ಕಿಲೋಮೀಟರಿಗೆ 0.12 ಸೆಕೆಂಡು ತಡ. ಅಳೆದರೆ ಸುಲಭವಾಗಿ ಸಿಕ್ಕಿಬೀಳುವಷ್ಟು ದೊಡ್ಡ ವ್ಯತ್ಯಾಸ ಇದು. ಆದರೆ ಅಳತೆಯಲ್ಲಿ ಸಿಗುವುದು 343. ಅಂದರೆ ಸ್ಪ್ರಿಂಗ್ ಪಾಲು ಕೇಳುತ್ತಿಲ್ಲ. 19ನೇ ಶತಮಾನದ ಭೌತವಿಜ್ಞಾನಿಗಳಿಗೆ ಇದೊಂದು ಬಿಡಿಸಲಾಗದ ಒಗಟಾಗಿತ್ತು.

ಮೆಟ್ಟಿಲು ಇಟ್ಟು ನೋಡಿದರೆ ಒಗಟು ಬಿಡುತ್ತದೆ. ನೈಟ್ರೋಜನ್ನಿನ ಒಂದು ಮೆಟ್ಟಿಲಿನ ಎತ್ತರ, ನಮ್ಮ ಕೋಣೆಯ ಶಾಖ ಒಂದು ಅಣುವಿಗೆ ಕೊಡುವ ಸಾಮಾನ್ಯ ಪಾಲಿಗಿಂತ ಸುಮಾರು 11 ಪಟ್ಟು. ಅಷ್ಟು ಎತ್ತರ ಹತ್ತುವಷ್ಟು ಶಕ್ತಿ ಒಟ್ಟಿಗೆ ಸಿಗುವುದು ಅಪರೂಪ. 70 ಸಾವಿರ ಅಣುಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ಮೊದಲ ಮೆಟ್ಟಿಲು ಏರಿರುತ್ತದೆ. ಉಳಿದವೆಲ್ಲ ತಳದ ಮೆಟ್ಟಿಲಲ್ಲೇ ½hf ಇಟ್ಟುಕೊಂಡು ಕೂತಿವೆ. ಶಿವಾಜಿನಗರದ ಗಾಳಿಯಲ್ಲೂ ಅಷ್ಟೆ, ನಿಮ್ಮ ಶ್ವಾಸಕೋಶದೊಳಗೂ ಅಷ್ಟೆ. ಶೂನ್ಯಬಿಂದು ಶಕ್ತಿ ಯಾವುದೋ ಪೆಂಡೆಂಟಿನಲ್ಲಿ ಮಾತ್ರ ಇರುವ ವಿಶೇಷ ವಸ್ತುವಲ್ಲ.

ಈ ಮೆಟ್ಟಿಲಿನ ಎತ್ತರವನ್ನು ನೇರವಾಗಿ ಅಳೆಯುವ ದಾರಿಗೂ ನಮ್ಮ ಊರಿಗೂ ನಂಟಿದೆ. 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಶೋಧದ ಬಗ್ಗೆ ಬೆಂಗಳೂರಿನಲ್ಲೇ ಉಪನ್ಯಾಸ ಕೊಟ್ಟರು. ಒಂದೇ ಬಣ್ಣದ ಬೆಳಕು ಅಣುವಿಗೆ ಬಡಿದು ಚದುರುವಾಗ, ಅದರಲ್ಲಿ ಒಂದು ಚೂರು ಸರಿಯಾಗಿ ಒಂದು ಮೆಟ್ಟಿಲಿನಷ್ಟು ಶಕ್ತಿಯನ್ನು ಅಣುವಿಗೆ ಬಿಟ್ಟುಬರುತ್ತದೆ. ಹಿಂತಿರುಗಿದ ಬೆಳಕಿನ ಬಣ್ಣ ಎಷ್ಟು ಬದಲಾಗಿದೆ ಎಂದು ನೋಡಿದರೆ ಮೆಟ್ಟಿಲಿನ ಎತ್ತರ ಸಿಕ್ಕಿತು. ಇಂದಿಗೂ ನೈಟ್ರೋಜನ್ನಿನ ಕಂಪನವನ್ನು ಹೀಗೆ ಅಳೆಯುತ್ತಾರೆ.

ಆ ಅರ್ಧ ಮೆಟ್ಟಿಲಿಗೆ ಸಾಕ್ಷಿ ಏನು?

ರಾಮನ್ ವಿಧಾನ ಹೇಳುವುದು ಮೆಟ್ಟಿಲುಗಳ ನಡುವಿನ ಅಂತರವನ್ನು. ತಳದಲ್ಲಿ ಅರ್ಧ ಮೆಟ್ಟಿಲು ಇದೆ ಎಂದು ತಿಳಿಯಲು ಬೇರೆ ಉಪಾಯ ಬೇಕು. ಹೈಡ್ರೋಜನ್ ಪರಮಾಣುವಿಗೆ ಡ್ಯೂಟೀರಿಯಂ ಎಂಬ ಅಣ್ಣ ಇದ್ದಾನೆ. ತೂಕ ಎರಡು ಪಟ್ಟು, ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಒಂದೇ. ಎರಡರ ಅಣುವಿನಲ್ಲೂ ಬಂಧದ ಸ್ಪ್ರಿಂಗ್ ಒಂದೇ, ಕಲ್ಯಾಣಿಯ ಆಳವೂ ಒಂದೇ. ಅಣುಗಳು ನೆಲದಲ್ಲೇ ನಿಂತಿದ್ದರೆ ಎರಡನ್ನೂ ಒಡೆಯಲು ಒಂದೇ ಶಕ್ತಿ ಸಾಕಿತ್ತು.

ಆದರೆ ಡ್ಯೂಟೀರಿಯಂ ಅಣುವನ್ನು ಒಡೆಯಲು ನೂರಕ್ಕೆ ಸುಮಾರು 1.7ರಷ್ಟು ಹೆಚ್ಚು ಶಕ್ತಿ ಬೇಕು. ತೂಕದ ಪರಮಾಣು ನಿಧಾನವಾಗಿ ಕಂಪಿಸುತ್ತದೆ, ಅದರ ½hf ಚಿಕ್ಕದು, ಹಾಗಾಗಿ ಅದು ಇನ್ನೂ ಆಳದಲ್ಲಿ ಕೂತಿದೆ. ಮೇಲೆ ಬರಲು ಹೆಚ್ಚು ಹತ್ತಬೇಕು. ವ್ಯತ್ಯಾಸವೂ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಒಂದು ಮಾತು ಇಲ್ಲಿ ಸೇರಿಸಬೇಕು: ನಿಜವಾದ ಅಣುವಿನಲ್ಲಿ ಮೆಟ್ಟಿಲುಗಳು ಸಮ ಅಂತರದಲ್ಲಿರುವುದು ತಳದ ಹತ್ತಿರ ಮಾತ್ರ. ಮೇಲೆ ಹೋದಂತೆ ಅವು ಒತ್ತಾಗುತ್ತಾ, ಕೊನೆಗೆ ಬಂಧವೇ ಮುರಿಯುತ್ತದೆ.

ಹಾಗಾದರೆ ಆ ಶಕ್ತಿಯನ್ನು ತೆಗೆದುಕೊಳ್ಳಬಾರದೇಕೆ?

ಶಕ್ತಿ ಸಿಗಬೇಕಾದರೆ ಕೊಡುವ ವಸ್ತು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯಬೇಕು. ಒಲೆಯಲ್ಲಿ ಗ್ಯಾಸ್ ಉರಿದಾಗ, ಬ್ಯಾಟರಿ ಖಾಲಿಯಾದಾಗ ಆಗುವುದು ಇದೇ. ಶೂನ್ಯಬಿಂದು ಎಂದರೆ ಇಳಿಯಲು ಇನ್ನೊಂದು ಮೆಟ್ಟಿಲೇ ಇಲ್ಲದ ಜಾಗ. ಅಲ್ಲಿರುವ ½hf ಬೀಗ ಹಾಕಿಟ್ಟ ಹಣವಲ್ಲ, ಬೀಗದ ಕೈ ಸಿಕ್ಕರೆ ತೆಗೆಯೋಣ ಎನ್ನಲು. ಅದನ್ನು ಕೊಟ್ಟ ಮೇಲೆ ಅಣು ಯಾವ ಸ್ಥಿತಿಯಲ್ಲಿರಬೇಕೋ ಅಂಥ ಸ್ಥಿತಿಯೇ ಇಲ್ಲ. ಫಾರ್ವರ್ಡ್ ಈ ಜಾಗದಲ್ಲೇ ಜಾರುತ್ತದೆ: “ಉಳಿದಿರುತ್ತದೆ” ಎಂಬುದನ್ನು “ಸಿಗುತ್ತದೆ” ಎಂದು ಓದಿಸುತ್ತದೆ. ಉಳಿದಿರುವುದೇ ಅದು ಸಿಗದಿರುವುದರಿಂದ.

ಇಂಥ ವಸ್ತು ಮಾರುವವರು ಕೆಲವೊಮ್ಮೆ ಕ್ಯಾಸಿಮಿರ್ ಪರಿಣಾಮದ ಹೆಸರು ಹೇಳುತ್ತಾರೆ. ನಿರ್ವಾತದಲ್ಲಿ ಎರಡು ಲೋಹದ ತಟ್ಟೆಗಳನ್ನು ಅತಿ ಹತ್ತಿರ ಇಟ್ಟರೆ ಅವು ಒಂದನ್ನೊಂದು ಎಳೆಯುತ್ತವೆ ಎಂದು 1948ರಲ್ಲಿ ಕ್ಯಾಸಿಮಿರ್ ಲೆಕ್ಕ ಹಾಕಿದ್ದರು, ಮುಂದೆ ಪ್ರಯೋಗದಲ್ಲಿ ಅದು ಕಂಡೂ ಇದೆ. ನಿಜವೇ. ಆದರೆ ತಟ್ಟೆಗಳು ಒಂದು ಸಲ ಅಂಟಿಕೊಂಡ ಮೇಲೆ ಮುಗಿಯಿತು. ಮತ್ತೆ ಬಿಡಿಸಲು, ಸಿಕ್ಕಿದ್ದಷ್ಟೇ ಶಕ್ತಿಯನ್ನು ನೀವೇ ಹಾಕಬೇಕು. ಬೆಟ್ಟದಿಂದ ಉರುಳಿದ ಕಲ್ಲನ್ನು ಮತ್ತೆ ಹೊತ್ತು ಹತ್ತಿದಂತೆ.

ಇನ್ನು ಶುಗರ್ ವಿಷಯ. ವಾದಕ್ಕೆ ಪೆಂಡೆಂಟಿನಿಂದ ಶಕ್ತಿ ಬಂತೆಂದೇ ಇಟ್ಟುಕೊಳ್ಳಿ, ಏನು ಪ್ರಯೋಜನ? ಸಕ್ಕರೆ ಕಾಯಿಲೆ ಇರುವವರ ರಕ್ತದಲ್ಲಿ ಇಂಧನ ಕಡಿಮೆಯಲ್ಲ, ಜಾಸ್ತಿ ಇದೆ. ತೊಂದರೆ ಇರುವುದು ಇನ್ಸುಲಿನ್ನಿನಲ್ಲಿ: ಅದು ಸಾಕಷ್ಟು ಬರುವುದಿಲ್ಲ, ಅಥವಾ ಬಂದದ್ದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮಾತ್ರೆ ಅಲ್ಲಿ ಕೆಲಸ ಮಾಡುತ್ತದೆ. ಅದನ್ನು ನಿಲ್ಲಿಸಿದರೆ ಮೊದಮೊದಲು ಏನೂ ಅನ್ನಿಸದೇ ಇರಬಹುದು, ಒಳಗೆ ಮಾತ್ರ ಕಣ್ಣು, ಕಿಡ್ನಿ, ಕಾಲಿನ ನರಗಳಿಗೆ ಹಾನಿ ನಡೆಯುತ್ತಿರುತ್ತದೆ.

ಪೆಂಡೆಂಟ್ ಕೆಲಸ ಮಾಡದಿದ್ದರೆ ಹೋಗಲಿ, ಕೊರಳಲ್ಲಿದ್ದರೆ ನಷ್ಟವೇನು ಎನ್ನುವವರಿಗೆ ಇನ್ನೊಂದು ವಿಷಯ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಸಂಸ್ಥೆ, 5ಜಿಯಿಂದ ಕಾಪಾಡುತ್ತವೆ ಎಂಬಂಥ ಮಾತಿನೊಂದಿಗೆ ಮಾರಾಟವಾಗುತ್ತಿದ್ದ ಪೆಂಡೆಂಟ್, ಬ್ರೇಸ್‌ಲೆಟ್ ಮುಂತಾದ 10 ವಸ್ತುಗಳನ್ನು ಬಳಸಬೇಡಿ ಎಂದು ಎಚ್ಚರಿಸಿತು. ಅವುಗಳಲ್ಲಿ ವಿಕಿರಣ ಹೊಮ್ಮಿಸುವ ಪದಾರ್ಥವಿತ್ತು. ದೀರ್ಘಕಾಲ ಮೈಗೆ ತಾಗಿದರೆ ಹಾನಿಯಾಗಬಹುದು, ಬಿಚ್ಚಿ ಡಬ್ಬಿಯಲ್ಲಿ ಮುಚ್ಚಿಡಿ ಎಂದು ಜನರಿಗೆ ಸೂಚಿಸಿತು. ಎಲ್ಲ ಪೆಂಡೆಂಟಿನಲ್ಲೂ ಹೀಗಿರುತ್ತದೆ ಎಂದಲ್ಲ, ಆದರೆ ನೋಡಿದರೆ ಗೊತ್ತಾಗುವುದೂ ಇಲ್ಲ. ಆ ವಸ್ತುಗಳಿಂದ ಹೊರಬರುತ್ತಿದ್ದ ಶಕ್ತಿ ಶೂನ್ಯಬಿಂದುವಿನದ್ದಾಗಿರಲಿಲ್ಲ. ಅಸ್ಥಿರ ಪರಮಾಣುಗಳು ಒಡೆದು ಕೆಳಗಿನ ಸ್ಥಿತಿಗೆ ಇಳಿಯುವಾಗ ಬಿಟ್ಟದ್ದಾಗಿತ್ತು.