ಹಳೆಯ ಮಟ್ಟಿಗೆ ಹೊಸ ಭಜನೆ: ಅಕ್ಷರ, ಮಾತ್ರೆ ಮತ್ತು ಪೆಟ್ಟು

ದಾವಣಗೆರೆಯ ಸುತ್ತಲಿನ ಹದಡಿಯಂಥ ಊರುಗಳಲ್ಲಾಗಲಿ ಹರಿಹರದ ಆರೋಗ್ಯಮಾತೆಯ ಸನ್ನಿಧಿಯಲ್ಲಾಗಲಿ, ಜನರ ಬಾಯಲ್ಲಿ ಆಗಲೇ ನೆಲೆನಿಂತ ಭಜನೆಯ ಮಟ್ಟಿಗೆ ಹೊಸ ಸಾಹಿತ್ಯ ಕೂಡಿಸುವ ಕೆಲಸ ಒಮ್ಮೆಯಾದರೂ ನಮ್ಮ ಪಾಲಿಗೆ ಬರುತ್ತದೆ. ಜನಾಂಗಗಳ ಸ್ವಂತ ಸಂಗೀತ ಪರಂಪರೆಗೆ ತಕ್ಕ ಸ್ಥಾನ ಸಲ್ಲಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಪೂಜಾವಿಧಿಯ ಸಂವಿಧಾನದ 119ನೆಯ ಪರಿಚ್ಛೇದದಲ್ಲಿ ಹೇಳಿದೆ. ಆದರೆ ಸಾಹಿತ್ಯವು ಮಟ್ಟಿಗೆ ಹೊಂದುವುದು ಹೇಗೆಂಬುದನ್ನು ಕಲಿಸಬೇಕಾದದ್ದು ಕನ್ನಡದ ಛಂದಸ್ಸು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಮಂಗಳೂರಿನಿಂದ ಅಚ್ಚಿಗೆ ತಂದವರು ಬಾಸೆಲ್ ಮಿಶನ್ನಿನ ಕಿಟ್ಟೆಲರೆಂಬುದನ್ನು ಇಲ್ಲಿ ನೆನೆಯಬಹುದು.

ಮೊದಲು ಹಳೆಯ ಸಾಹಿತ್ಯವನ್ನು ಬದಿಗಿಟ್ಟು, ಮಟ್ಟನ್ನು ಬರಿಯ 'ತ'ಕಾರದಲ್ಲಿ ಹಾಡಿಕೊಳ್ಳಬೇಕು. ಚಿಕ್ಕ ಸ್ವರಕ್ಕೆ 'ತ' ಅಥವಾ 'ನ', ಅದರ ಎರಡರಷ್ಟು ನಿಲ್ಲುವ ಸ್ವರಕ್ಕೆ 'ತಾ' ಅಥವಾ 'ನಾ'. ಎಂಟೆಣಿಕೆಯ ಒಂದು ಸಾಮಾನ್ಯ ಭಜನೆಯ ಸಾಲು ಹೀಗೆ ಬಂದಿತೆನ್ನೋಣ: ತಾನನ, ತನನಾ, ತಾನನ, ತಾ. ನಾಲ್ಕು ಮಾತ್ರೆಯ ಮೂರು ಗಣ, ಕೊನೆಗೆ ಎರಡು ಮಾತ್ರೆ, ಆಮೇಲೆ ಎರಡು ಮಾತ್ರೆಯ ಬಿಡುವು. ಅಕ್ಷರ ಹತ್ತು, ಮಾತ್ರೆ ಹದಿನಾಲ್ಕು. ತಾಳದ ಪೆಟ್ಟು ಪ್ರತಿ ಗಣದ ಮೊದಲ ಮಾತ್ರೆಗೆ ಬೀಳುತ್ತದೆ. ಮೂರನೆಯ ಮಾತ್ರೆಗೆ ಅದಕ್ಕಿಂತ ಹಗುರವಾದ ಒತ್ತು.

ಅಕ್ಷರಗಳನ್ನಷ್ಟೇ ಎಣಿಸಿದರೆ ಸಾಲದು. 'ಕರುಣೆಯ' ಎಂಬುದೂ ನಾಲ್ಕಕ್ಷರ, 'ಯೇಸುಕ್ರಿಸ್ತ' ಎಂಬುದೂ ನಾಲ್ಕಕ್ಷರ. ಮೊದಲನೆಯದಕ್ಕೆ ನಾಲ್ಕೇ ಮಾತ್ರೆ, ಎರಡನೆಯದಕ್ಕೆ ಏಳು. ಏಕೆಂದರೆ 'ಯೇ' ದೀರ್ಘ, 'ಸು' ಮತ್ತು 'ಕ್ರಿ'ಗಳು ತಮ್ಮ ಮುಂದಿನ ಒತ್ತಕ್ಷರದಿಂದಾಗಿ ಗುರು. ಪ್ರಭುವಿನ ಪೂರ್ಣ ನಾಮವನ್ನು ನಾಲ್ಕು ಮಾತ್ರೆಯ ಗಣಕ್ಕೆ ತುರುಕಿದಲ್ಲೆಲ್ಲ ಸಭೆಯು ಮುಗ್ಗರಿಸುವುದು ಈ ಕಾರಣದಿಂದಲೇ.

ಮಾತ್ರೆಯ ಮೊತ್ತ ಸರಿಯಾದರೂ ಸಾಲು ಕೆಡಬಹುದು. ಕುಷ್ಠರೋಗಿಯನ್ನು ಮುಟ್ಟಿದ ಯೇಸುವನ್ನು ಕುರಿತು (ಮಾರ್ಕ 1:40-41) ಒಂದು ಸಾಲು ಬೇಕೆಂದುಕೊಳ್ಳೋಣ. 'ರೋಗಿಯ ಹತ್ತಿರ ಬಂದವನೇ' ಎಂದು ಬರೆದೆವು. ಹತ್ತಕ್ಷರ, ಹದಿನಾಲ್ಕು ಮಾತ್ರೆ, ಲೆಕ್ಕದಲ್ಲಿ ಕುಂದಿಲ್ಲ. ಹಾಡಿ ನೋಡಿದರೆ ಎರಡನೆಯ ಗಣ ತೊಡಕುತ್ತದೆ. ಮಟ್ಟು ಅಲ್ಲಿ ಕೇಳುವುದು 'ತನನಾ', ಅಂದರೆ ಲಘು, ಲಘು, ಗುರು. 'ಹತ್ತಿರ'ದಲ್ಲಿರುವುದು ಗುರು, ಲಘು, ಲಘು. ಹಾಡುವವರು 'ಹ'ವನ್ನು ನುಂಗಿ 'ಹತ್ತಿರಾ' ಎಂದು ಕೊನೆಯನ್ನು ಎಳೆಯುತ್ತಾರೆ. 'ರೋಗಿಯ ಬಳಿಗೇ ಬಂದವನೇ' ಎಂದು ತಿದ್ದಿದರೆ 'ಬಳಿಗೇ' ಆ ಸ್ಥಳಕ್ಕೆ ಹೇಳಿ ಮಾಡಿಸಿದಂತೆ ಕೂಡುತ್ತದೆ. ಅವಧಾರಣೆಯ 'ಏ'ಕಾರವನ್ನು ಇಲ್ಲಿ ಬರಿಯ ಮಾತ್ರೆ ತುಂಬಲು ಹಾಕಿದ್ದಲ್ಲ. ಯಾರೂ ಸುಳಿಯದವನ ಬಳಿಗೇ ಆತನು ಬಂದನೆಂಬ ಅರ್ಥವನ್ನೂ ಅದು ಹೊರುತ್ತದೆ. ಮುಂದಿನ ಸಾಲು 'ಬಾಗಿಲು ತೆರೆದೇ ನಿಂತಿಹೆವು' ಎಂದಾದರೆ ಎರಡನೆಯ ಅಕ್ಷರದ 'ಗಿ'ಕಾರದಿಂದ ಆದಿಪ್ರಾಸವೂ ಒದಗುತ್ತದೆ. ಕೊನೆಯ 'ವು' ಲಘುವಾದರೂ ಸಾಲಿನ ಅಂತ್ಯದಲ್ಲಿ ಅದನ್ನು ಗುರುವೆಂದೆಣಿಸುವ ರೂಢಿಯುಂಟು.

ಇನ್ನು ಪೆಟ್ಟಿನ ಮಾತು. ಇಂಗ್ಲಿಷಿನಂತೆ ಒತ್ತು ಅರ್ಥವನ್ನೇ ಬದಲಿಸುವ ಭಾಷೆ ಕನ್ನಡವಲ್ಲ. ಆದರೂ ಪದದ ಮೊದಲಕ್ಷರಕ್ಕೆ ನಮ್ಮ ಕಿವಿ ಸಹಜವಾಗಿ ಬಲ ಕೊಡುತ್ತದೆ. 'ಆರೋಗ್ಯಮಾತೆ'ಯನ್ನೇ ತೆಗೆದುಕೊಳ್ಳಿ. ಎಂಟು ಮಾತ್ರೆಗಳಿಂದ ಎರಡು ಗಣ ತುಂಬುತ್ತವೆ. ಆದರೆ ಒಡೆಯುವುದು 'ಆರೋಗ್' ಮತ್ತು 'ಯಮಾತೆ' ಎಂದು. ಪೆಟ್ಟು 'ಯ'ಕಾರದ ಮೇಲೆ ಬಿದ್ದು, 'ಮಾ' ಎರಡು ಒತ್ತುಗಳ ನಡುವೆ ಸಿಕ್ಕಿಕೊಳ್ಳುತ್ತದೆ. 'ಯಮ' ಎಂಬ ಸದ್ದು ಮೊದಲಾಗುವುದಂತೂ ತಾಯಿಯ ಸ್ತುತಿಯಲ್ಲಿ ಬೇಡವೇ ಬೇಡ. 'ಆರೋಗ್ಯದ ಮಾತೆಯೆ ಹರಸು' ಎಂದರೆ 'ಯದಮಾ' ಎಂಬುದು 'ತನನಾ'ಕ್ಕೆ ಹೊಂದಿ, 'ಮಾ' ಮೂರನೆಯ ಮಾತ್ರೆಯ ಒತ್ತಿಗೆ ಸಿಗುತ್ತದೆ. 'ಹರಸು' ಸಹ ತನ್ನ ಗಣದ ಮೂರನೆಯ ಮಾತ್ರೆಯಿಂದ ಏಳುತ್ತದೆ.

ಈ ಸಾಲಿನಲ್ಲಿ ಮೂರನೆಯ ಗಣ 'ತೆಯೆಹರ'. ಮಟ್ಟಿನ ಒಂದು ಗುರು ಅಲ್ಲಿ ಎರಡು ಲಘುಗಳಾಗಿ ಒಡೆದಿದೆ. ಮೊದಲ ಗಣದಲ್ಲಿ ಎರಡು ಲಘುಗಳು 'ರೋ' ಎಂಬ ಒಂದು ಗುರುವಿನಲ್ಲಿ ಕೂಡಿವೆ. ಇವೆರಡೂ ಸಲ್ಲುವ ಸಲಿಗೆಗಳು, ಕಿವಿಗೆ ನೋವಾಗದು. ಸಲ್ಲದ್ದು ಲಘುವನ್ನು ಎಳೆದು ಗುರು ಮಾಡುವುದು, ಅದರಲ್ಲೂ ಪದದ ಮೊದಲಲ್ಲಿ. 'ತಾನನ' ಇರುವಲ್ಲಿ 'ಮನವ' ಎಂದಿಟ್ಟರೆ ಸಭೆ ಹಾಡುವುದು 'ಮಾನವ' ಎಂದು. ದೇವರಿಗೆ ಮನಸ್ಸನ್ನು ಅರ್ಪಿಸಹೋಗಿ ಮನುಷ್ಯನನ್ನು ಅರ್ಪಿಸಿದಂತಾಯಿತು! 'ಮನವನು' ಎಂದು ಒಂದಕ್ಷರ ಬೆಳೆಸಿದರೆ ಸಾಕು, 'ಮ' ಲಘುವಾಗಿಯೇ ಉಳಿಯುತ್ತದೆ.

ಪೆಟ್ಟಿನ ಅನಂತರ ಎತ್ತಿಕೊಳ್ಳುವ ಮಟ್ಟುಗಳಲ್ಲಿ ಮಾತ್ರ ಸಾಲಿನ ಮೊದಲಕ್ಷರಕ್ಕೆ ಪೆಟ್ಟಿರುವುದಿಲ್ಲ. ಅಲ್ಲಿ ಕೈತಟ್ಟಿ, ಮೊದಲ ಪೆಟ್ಟು ಎಷ್ಟನೆಯ ಅಕ್ಷರಕ್ಕೆ ಬರುವುದೆಂದು ಗುರುತು ಹಾಕಿಕೊಂಡೇ ಬರೆಯತೊಡಗಬೇಕು. ಬರೆದದ್ದನ್ನು ಮಟ್ಟು ಬಲ್ಲ, ಸಾಹಿತ್ಯವನ್ನು ಕಾಣದ ಒಬ್ಬರಿಗೆ ಹಾಡಿ ಕೇಳಿಸಿ, ಕೇಳಿದ್ದನ್ನು ಬರೆದುಕೊಡಿರೆಂದು ಕೇಳಬೇಕು. ಅವರು ಬರೆದ ಪದ ನಮ್ಮದಕ್ಕಿಂತ ಬೇರೆಯಾದ ಕಡೆಯೇ ತಿದ್ದಬೇಕಾದ ಕಡೆ.