ಸಾಲ ತೀರಿಸಿದ್ರೂ ಸಿಬಿಲ್‌ನಲ್ಲಿ ಬಾಕಿ ಅಂತಿದೆಯಾ? ಸರಿಪಡಿಸುವುದು ಹೇಗೆ, ತಡವಾದರೆ ಪರಿಹಾರ ಎಷ್ಟು?

ಬೈಕ್ ಸಾಲದ ಕೊನೆಯ ಕಂತು ಕಟ್ಟಿ, ಎನ್‌ಒಸಿ ಪಡೆದು ಎರಡು ವರ್ಷವಾಗಿದೆ. ಈಗ ಗೃಹಸಾಲಕ್ಕೆ ಅರ್ಜಿ ಹಾಕಿದರೆ, ಹಳೆಯ ಸಾಲದಲ್ಲಿ 4,850 ರೂಪಾಯಿ ಬಾಕಿ ಇದೆ ಎಂದು ಬ್ಯಾಂಕ್ ಅರ್ಜಿಯನ್ನು ತಿರಸ್ಕರಿಸುತ್ತದೆ. ಇಂಥ ಸಂದರ್ಭದಲ್ಲಿ ಹೆಚ್ಚಿನವರು ಸಿಬಿಲ್ ಕಂಪನಿಯದ್ದೇ ತಪ್ಪು ಎಂದುಕೊಳ್ಳುತ್ತಾರೆ. ಆದರೆ ಸಾಲದ ಮಾಹಿತಿ ಕಳಿಸುವುದು ಸಾಲ ಕೊಟ್ಟ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ. ಅದು ಒಪ್ಪದೆ ಸಿಬಿಲ್ ತಾನಾಗಿ ಒಂದು ಅಂಕಿಯನ್ನೂ ಬದಲಿಸುವುದಿಲ್ಲ.

ವರದಿಯಲ್ಲಿ ಏನು ನೋಡಬೇಕು?

ದೇಶದಲ್ಲಿ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕ್ರೆಡಿಟ್ ಮಾಹಿತಿ ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೆ ಒಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ವರದಿ ತೆರೆದು ಆ ಸಾಲದ ಖಾತೆಯಲ್ಲಿ Current Balance, Amount Overdue ಮತ್ತು Date Closed ಎಂಬ ಮೂರು ಕಡೆ ನೋಡಿ. ಮುಗಿದ ಸಾಲವಾದರೆ ಮೊದಲೆರಡು ಸೊನ್ನೆ ಇರಬೇಕು, ಮೂರನೆಯದರಲ್ಲಿ ದಿನಾಂಕ ಇರಬೇಕು. ಜತೆಗೆ ಬ್ಯಾಂಕ್ ಕೊನೆಯ ಬಾರಿ ಮಾಹಿತಿ ಕಳಿಸಿದ ದಿನಾಂಕವನ್ನೂ ಗಮನಿಸಿ. ಸಾಲ ತೀರಿಸುವ ಮೊದಲಿನ ದಿನಾಂಕವೇ ಅಲ್ಲಿದ್ದರೆ, ನಂತರದ ಮಾಹಿತಿ ಹೋಗಿಯೇ ಇಲ್ಲ ಎಂದರ್ಥ.

ಖಾತೆ ಹಳೆಯ ಬ್ಯಾಂಕಿನ ಹೆಸರಲ್ಲಿದ್ದರೆ ಗಾಬರಿ ಬೇಡ. ಸಿಂಡಿಕೇಟ್ ಬ್ಯಾಂಕ್ ಸಾಲಕ್ಕೆ ಈಗ ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಸಾಲಕ್ಕೆ ಯೂನಿಯನ್ ಬ್ಯಾಂಕ್, ವಿಜಯಾ ಬ್ಯಾಂಕ್ ಸಾಲಕ್ಕೆ ಬ್ಯಾಂಕ್ ಆಫ್ ಬರೋಡಾ ಉತ್ತರ ಕೊಡಬೇಕು.

ಎರಡು ಕಡೆ ದೂರು ಕೊಡಿ

ಮೊದಲ ದೂರು ಸಾಲ ಕೊಟ್ಟ ಸಂಸ್ಥೆಗೆ. ಶಾಖೆಯಲ್ಲಿ ಬಾಯಿಮಾತಲ್ಲಿ ಹೇಳಿದರೆ ದಾಖಲೆ ಉಳಿಯುವುದಿಲ್ಲ. ಆದ್ದರಿಂದ ಇ-ಮೇಲ್‌ನಲ್ಲಿ ಬರೆದು ದೂರಿನ ಸಂಖ್ಯೆ ಪಡೆಯಿರಿ. ಎನ್‌ಒಸಿ, ಕೊನೆಯ ಪಾವತಿಯ ರಸೀದಿ ಮತ್ತು ಬಾಕಿ ಸೊನ್ನೆ ಎಂದು ತೋರಿಸುವ ಸಾಲದ ಸ್ಟೇಟ್‌ಮೆಂಟ್ ಲಗತ್ತಿಸಿ. ತಿದ್ದಿದ ಮಾಹಿತಿಯನ್ನು ನಾಲ್ಕೂ ಕಂಪನಿಗಳಿಗೆ ಕಳಿಸಿ ಎಂದು ಸ್ಪಷ್ಟವಾಗಿ ಕೇಳಿ.

ಎರಡನೆಯದು, ತಪ್ಪು ಕಂಡ ಕ್ರೆಡಿಟ್ ಕಂಪನಿಯ ವೆಬ್‌ಸೈಟ್‌ನಲ್ಲಿ ಲಾಗಿನ್ ಆಗಿ ಆ ಖಾತೆಯ ಮೇಲೆ Dispute ದಾಖಲಿಸುವುದು. ಇದಕ್ಕೆ ಶುಲ್ಕವಿಲ್ಲ. ಕಂಪನಿ ಅದನ್ನು ಬ್ಯಾಂಕಿಗೆ ಕಳಿಸಿ ಉತ್ತರ ಕೇಳುತ್ತದೆ.

21 ದಿನ, 30 ದಿನದ ಲೆಕ್ಕ

ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ ನಿಯಮದಂತೆ ದೂರು 30 ದಿನಗಳಲ್ಲಿ ಇತ್ಯರ್ಥವಾಗಬೇಕು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಮೇಲಿನ ಉದಾಹರಣೆಯಲ್ಲಿ ಜೂನ್ 2ಕ್ಕೆ ದೂರು ಕೊಟ್ಟರೆ ಗಡುವು ಜುಲೈ 2. ಜುಲೈ 20ಕ್ಕೆ ಸರಿಯಾದರೆ 18 ದಿನ ತಡ, ಅಂದರೆ 1,800 ರೂಪಾಯಿ.

ಕೊಡುವವರು ಯಾರು? ಬ್ಯಾಂಕ್ ತಿದ್ದಿದ ಮಾಹಿತಿಯನ್ನು 21 ದಿನಗಳೊಳಗೆ ಕಳಿಸದಿದ್ದರೆ ಬ್ಯಾಂಕೇ ಹೊಣೆ. ಬ್ಯಾಂಕ್ ಸಮಯಕ್ಕೆ ಕಳಿಸಿಯೂ ಕ್ರೆಡಿಟ್ ಕಂಪನಿ ತಡ ಮಾಡಿದರೆ ಆ ಕಂಪನಿ ಹೊಣೆ. ದೂರು ಇತ್ಯರ್ಥವಾದ ಐದು ಕೆಲಸದ ದಿನಗಳಲ್ಲಿ ಹಣ ದೂರುದಾರರ ಖಾತೆಗೆ ಬರಬೇಕು. ಸ್ಕೋರ್ ಲೆಕ್ಕ ಹಾಕುವ ವಿಧಾನದ ಬಗ್ಗೆ ತಕರಾರಿದ್ದರೆ ಈ ಪರಿಹಾರ ಸಿಗುವುದಿಲ್ಲ.

‘ದಾಖಲೆ ಸರಿಯಾಗಿದೆ’ ಎಂದರೆ?

ಬ್ಯಾಂಕ್ ಹೀಗೆ ಹೇಳಿ ದೂರು ಮುಚ್ಚಿದರೆ ಕಾರಣ ಪತ್ತೆಹಚ್ಚಿ. ಚೆಕ್ ಬೌನ್ಸ್ ಶುಲ್ಕ ಅಥವಾ ತಡಪಾವತಿ ದಂಡ ಕಂಪ್ಯೂಟರ್‌ನಲ್ಲಿ ಉಳಿದು ಖಾತೆ ಮುಚ್ಚದೇ ಇರಬಹುದು. 4,850 ರೂಪಾಯಿ ಯಾವ ದಿನಾಂಕದ ಯಾವ ಶುಲ್ಕ ಎಂದು ಸ್ಟೇಟ್‌ಮೆಂಟ್ ಸಮೇತ ಲಿಖಿತವಾಗಿ ಕೇಳಿ. ಎನ್‌ಒಸಿ ಕೊಟ್ಟ ಮೇಲೆ ಹಾಕಿದ ಶುಲ್ಕವಾದರೆ ವಾದ ನಿಮ್ಮ ಪರ ಗಟ್ಟಿಯಾಗುತ್ತದೆ. ಸುಮ್ಮನೆ ಕಟ್ಟಿಬಿಟ್ಟರೆ ಬಾಕಿ ಹೋಗಬಹುದು, ಆದರೆ ತಡಪಾವತಿಯ ತಿಂಗಳುಗಳ ಗುರುತು ವರದಿಯಲ್ಲಿ ಹಾಗೇ ಉಳಿಯುತ್ತದೆ.

30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. 2022ರ ಸೆಪ್ಟೆಂಬರ್‌ನಿಂದ ಕ್ರೆಡಿಟ್ ಮಾಹಿತಿ ಕಂಪನಿಗಳೂ ಈ ವ್ಯಾಪ್ತಿಯಲ್ಲಿವೆ. ಮೊದಲ ದೂರಿನ ಸಂಖ್ಯೆ ಇಲ್ಲಿ ಬೇಕೇ ಬೇಕು.

ಇದು ತಪ್ಪು ನಮೂದಲ್ಲ

ಐವತ್ತು ಸಾವಿರ ಬಾಕಿಗೆ ಮೂವತ್ತು ಸಾವಿರ ಕಟ್ಟಿ ರಾಜಿ ಮಾಡಿಕೊಂಡಿದ್ದರೆ ವರದಿಯಲ್ಲಿ Settled ಎಂದು ಬರುತ್ತದೆ. ಅದು ತಪ್ಪಲ್ಲ, ದೂರು ಕೊಟ್ಟರೂ ತೆಗೆಯುವುದಿಲ್ಲ. ಉಳಿದ ಹಣ ಕಟ್ಟಿ, ಹೊಸ ಎನ್‌ಒಸಿ ಪಡೆದ ನಂತರವೇ Closed ಎಂದು ಬದಲಿಸುವಂತೆ ಕೇಳಲು ಸಾಧ್ಯ. ಹಾಗಾಗಿ ರಾಜಿಗೆ ಒಪ್ಪುವ ಮೊದಲೇ, ವರದಿಯಲ್ಲಿ ಯಾವ ಪದ ಬರುತ್ತದೆ ಎಂದು ಬ್ಯಾಂಕಿನಿಂದ ಬರಹದಲ್ಲಿ ಪಡೆದುಕೊಳ್ಳಿ.