ಮೂರು ಬಂದಾಗ ಒತ್ತಬೇಡಿ

ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ನಡುವೆ 2006ರಿಂದ ‘ಆವಿಷ್ಕಾರ’ ಎಂಬ ಸಂಶೋಧನಾ ಸಮ್ಮೇಳನ ನಡೆದುಬಂದಿದೆ. ನಾಸಿಕ್‌ನ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದವರು, ಹಿಂದೆ ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರದ ಮರಾಠವಾಡಾ ವಿಶ್ವವಿದ್ಯಾಲಯದವರು, ಹೀಗೆ ಎಲ್ಲೆಡೆಯ ವಿದ್ಯಾರ್ಥಿಗಳು ಕಾಲೇಜು, ಜಿಲ್ಲೆ ಎಂದು ಒಂದೊಂದೇ ಸುತ್ತು ದಾಟಿ ಅಲ್ಲಿಗೆ ಪೋಸ್ಟರ್ ಹಿಡಿದು ಬರುತ್ತಾರೆ. ಪೋಸ್ಟರ್ ಮುಂದೆ ಪರೀಕ್ಷಕರು ನಿಲ್ಲುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಅವರ ಕಣ್ಣು ಹೋಗುವುದು ಅಬ್‌ಸ್ಟ್ರ್ಯಾಕ್ಟ್‌ಗೆ: ಹಿನ್ನೆಲೆ, ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಎಂಬ ತಲೆಬರಹಗಳ ಕೆಳಗೆ ಕೂಡಿಸಿದ ಇನ್ನೂರೈವತ್ತು ಪದಗಳ ಆಸುಪಾಸಿನ ಬರಹ. ವೈದ್ಯಕೀಯ ಪತ್ರಿಕೆಗಳು 1987ರ ಸುಮಾರಿಗೆ ಈ ವಿಭಾಗಗಳನ್ನು ಕೇಳತೊಡಗಿದವು. ಯಾವ ಖಾನೆ ಖಾಲಿಯಿದೆ ಎಂಬುದು ಓದುವವನಿಗೆ ತಟ್ಟನೆ ಗೊತ್ತಾಗಲಿ ಎಂಬುದೇ ಇದರ ಉಪಾಯ.

ಹಾಸ್ಟೆಲ್ ಹುಡುಗರಿಗೆ ಬಹಳ ಹಿಡಿಸುವ ವಿಷಯವೊಂದನ್ನು ತೆಗೆದುಕೊಳ್ಳೋಣ: ಫೋನಿನ ನೋಟಿಫಿಕೇಶನ್ ಗಮನವನ್ನು ಕೆಡಿಸುತ್ತದೆಯೇ? ನಾನಿಲ್ಲಿ ಹೇಳುವ ಅಧ್ಯಯನ ಕಲ್ಪಿತ, ಅದರ ಅಂಕಿಗಳನ್ನು ವಿವರಿಸಲೆಂದೇ ಇಟ್ಟುಕೊಂಡಿದ್ದೇನೆ. ಆದರೆ ಅದರೊಳಗಿನ ಯಂತ್ರ ನಿಜದ್ದು.

ಆ ಯಂತ್ರದ ಹೆಸರು ಸಾರ್ಟ್. ಇಯಾನ್ ರಾಬರ್ಟ್‌ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪರೀಕ್ಷೆ. ಪರದೆಯ ಮೇಲೆ 1ರಿಂದ 9ರವರೆಗಿನ ಅಂಕೆಗಳು ಅಡ್ಡಾದಿಡ್ಡಿ ಕ್ರಮದಲ್ಲಿ ಬರುತ್ತವೆ. ಪ್ರತಿ ಅಂಕೆಯೂ ಕಾಲು ಸೆಕೆಂಡ್ ಕಾಣಿಸಿ ಮರೆಯಾಗುತ್ತದೆ, ಮುಂದಿನದು ಬರುವ ತನಕ 0.9 ಸೆಕೆಂಡ್ ಒಂದು ಮುಸುಕು ಚಿತ್ರ. ಯಾವ ಅಂಕೆ ಬಂದರೂ ಗುಂಡಿ ಒತ್ತಬೇಕು, 3 ಬಂದರೆ ಮಾತ್ರ ಒತ್ತಬಾರದು. ಒಟ್ಟು 225 ಅಂಕೆ, ಅದರಲ್ಲಿ 3 ಬರುವುದು 25 ಸಲ. ನಾಲ್ಕೂಕಾಲು ನಿಮಿಷ ದಾಟುವಷ್ಟರಲ್ಲಿ ಆಟ ಮುಗಿಯುತ್ತದೆ. ಕೇಳಿದರೆ ಮಕ್ಕಳಾಟ. ಆದರೆ ಒಂದೆರಡು ನಿಮಿಷದಲ್ಲೇ ಬೆರಳು ಇಳಿಜಾರಿನ ಸೈಕಲ್‌ನಂತೆ ತಾನೇ ಓಡತೊಡಗುತ್ತದೆ. 3 ಕಂಡಿದ್ದು ಕಣ್ಣಿಗೆ ಗೊತ್ತಾಗುವ ಹೊತ್ತಿಗೆ ಗುಂಡಿ ಒತ್ತಿಯಾಗಿರುತ್ತದೆ, ಬಾಯಿಂದ ‘ಅಯ್ಯೋ’ ಹೊರಟಿರುತ್ತದೆ. ಒತ್ತಬಾರದ ಕಡೆ ಒತ್ತಿದ ಈ ತಪ್ಪುಗಳ ಎಣಿಕೆಯೇ ಅಳತೆ.

ಇದೇ ಪರೀಕ್ಷೆಯನ್ನು ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಕ್ಯಾರಿ ಸ್ಟಾಟ್‌ಹಾರ್ಟ್ ಮತ್ತು ಸಹೋದ್ಯೋಗಿಗಳು ಫೋನಿಗೆ ಜೋಡಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷೆಯ ನಡುವೆ ಕೆಲವರ ಫೋನಿಗೆ ಕರೆ ಬಂತು, ಕೆಲವರಿಗೆ ಸಂದೇಶ ಬಂತು, ಕೆಲವರಿಗೆ ಏನೂ ಬರಲಿಲ್ಲ. ಕಳಿಸಿದವರು ಸಂಶೋಧಕರೇ ಎಂಬುದು ಕೂತವರಿಗೆ ಗೊತ್ತಿರಲಿಲ್ಲ. ಫೋನನ್ನು ಮುಟ್ಟದಿದ್ದರೂ ಕರೆ, ಸಂದೇಶ ಬಂದವರ ತಪ್ಪುಗಳು ಹೆಚ್ಚಿದವು. ಅಬ್‌ಸ್ಟ್ರ್ಯಾಕ್ಟ್‌ನ ‘ಹಿನ್ನೆಲೆ’ಗೆ ಇಷ್ಟು ಸಾಕು. ‘ಇಂದಿನ ಯುಗದಲ್ಲಿ ಸ್ಮಾರ್ಟ್‌ಫೋನ್ ಜೀವನದ ಅವಿಭಾಜ್ಯ ಅಂಗವಾಗಿದೆ’ ಎಂದು ಶುರುಮಾಡಿದವರು ಆಗಲೇ ಪದಗಳನ್ನು ಪೋಲು ಮಾಡಿದ್ದಾರೆ.

‘ವಿಧಾನ’ದಲ್ಲಿ ನಮ್ಮ ಕಲ್ಪಿತ ತಂಡ 24 ವಿದ್ಯಾರ್ಥಿಗಳನ್ನು ಕೂರಿಸುತ್ತದೆ, ಪ್ರತಿಯೊಬ್ಬರನ್ನೂ ಎರಡು ಸಲ. ಒಂದು ಸುತ್ತಿನಲ್ಲಿ ಸಂದೇಶಗಳು ಬರುತ್ತವೆ, ಇನ್ನೊಂದರಲ್ಲಿ ಬರುವುದಿಲ್ಲ. ಒಬ್ಬನ ಬೆರಳು ಚುರುಕು, ಇನ್ನೊಬ್ಬಳದು ನಿಧಾನ, ಆದ್ದರಿಂದ ಅವರವರನ್ನು ಅವರವರ ಜೊತೆಗೇ ಹೋಲಿಸಿದರೆ ಸಣ್ಣ ಅಧ್ಯಯನಕ್ಕೂ ಬಲ ಬರುತ್ತದೆ. ಎರಡನೇ ಸುತ್ತಿಗೆ ಕೈ ಪಳಗಿರುತ್ತದೆ, ಇಲ್ಲವೇ ಬೇಸರ ಹತ್ತಿರುತ್ತದೆ. ಹಾಗಾಗಿ 12 ಜನರಿಗೆ ಸಂದೇಶದ ಸುತ್ತು ಮೊದಲು, ಉಳಿದ 12 ಜನರಿಗೆ ನಂತರ. ಈ ಒಂದು ವಾಕ್ಯ ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ಇಲ್ಲದಿದ್ದರೆ ಮುಂದಿನ ಅಂಕಿಯನ್ನು ಯಾರೂ ನಂಬಬೇಕಾಗಿಲ್ಲ.

ಎಡವುವುದು ಫೋನ್ ಇಡುವ ಜಾಗದಲ್ಲಿ. ಸದ್ದಿಲ್ಲದ ಸುತ್ತಿಗೆಂದು ಫೋನನ್ನು ಪಕ್ಕದ ಕೋಣೆಯಲ್ಲಿ ಇಟ್ಟುಬಿಟ್ಟರೆ ಒಂದಲ್ಲ, ಎರಡು ಸಂಗತಿ ಬದಲಾದಂತೆ: ಸಂದೇಶವೂ ಇಲ್ಲ, ಫೋನೂ ಇಲ್ಲ. ಕಣ್ಣೆದುರು ಫೋನ್ ಇರುವುದೇ ಮನಸ್ಸನ್ನು ಸೆಳೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದರ ಬಗ್ಗೆ ಅಧ್ಯಯನಗಳು ಒಂದಕ್ಕೊಂದು ಒಪ್ಪುತ್ತಿಲ್ಲ. ಆದ್ದರಿಂದ ಎರಡೂ ಸುತ್ತಿನಲ್ಲಿ ಫೋನ್ ಮೇಜಿನ ಮೇಲೆ ಅದೇ ಜಾಗದಲ್ಲಿ ಬೋರಲು ಬಿದ್ದಿರಬೇಕು, ಒಂದು ಸುತ್ತಿನಲ್ಲಿ ಏರೋಪ್ಲೇನ್ ಮೋಡ್‌ನಲ್ಲಿ. ನಾಲ್ಕು ಜನರನ್ನು ಒಂದೇ ಉದ್ದ ಮೇಜಿಗೆ ಕೂರಿಸಿದರೂ ಕೆಟ್ಟಿತು. ಒಂದು ಫೋನ್ ಗುರ್ರೆಂದರೆ ಮೇಜಿಗೆ ಮೇಜೇ ನಡುಗುತ್ತದೆ, ಸಂದೇಶ ಬಾರದವನ ಬೆರಳೂ ತಪ್ಪುತ್ತದೆ.

ಇನ್ನೊಂದು ಮಾತು ಒಪ್ಪಿಗೆಯದು. ಕೂತವರಿಗೆ ಗೊತ್ತಿಲ್ಲದಂತೆ ಸಂದೇಶ ಕಳಿಸುವುದೆಂದರೆ ಅಷ್ಟರಮಟ್ಟಿಗೆ ಅವರಿಂದ ಮುಚ್ಚಿಟ್ಟಂತೆ. ಅದಕ್ಕೆ ಕಾಲೇಜಿನ ಎಥಿಕ್ಸ್ ಕಮಿಟಿಯ ಅನುಮತಿ ಮೊದಲೇ ಬೇಕು, ಆಟ ಮುಗಿದ ಮೇಲೆ ನಿಜ ತಿಳಿಸಬೇಕು. ಅನುಮತಿ ಸಿಕ್ಕಿದೆ ಎಂಬುದೂ ‘ವಿಧಾನ’ದಲ್ಲೇ ಬರಬೇಕು.

ಈಗ ‘ಫಲಿತಾಂಶ’. ಸಂದೇಶವಿಲ್ಲದ ಸುತ್ತಿನಲ್ಲಿ 25ಕ್ಕೆ ಸರಾಸರಿ 9 ತಪ್ಪು, ಸಂದೇಶದ ಸುತ್ತಿನಲ್ಲಿ 11 ಎಂದಿರಲಿ. ವ್ಯತ್ಯಾಸ 2. ಇಷ್ಟು ಬರೆದು ‘ಗಣನೀಯ’ ಎಂಬ ಪದ ಸೇರಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಆದರೆ ಈ 2 ಎಷ್ಟು ಗಟ್ಟಿ? ಅದನ್ನು ತಿಳಿಯಲು 24 ಜನರ ವ್ಯತ್ಯಾಸಗಳು ಎಷ್ಟು ಚೆದುರಿವೆ ಎಂದು ನೋಡಬೇಕು. ಕೆಲವರು ಆರು ತಪ್ಪು ಹೆಚ್ಚು ಮಾಡಿರುತ್ತಾರೆ, ಕೆಲವರು ಸಂದೇಶ ಬಂದಾಗಲೇ ಚುರುಕಾಗಿ ಕಡಿಮೆ ತಪ್ಪು ಮಾಡಿರುತ್ತಾರೆ. ಈ ಚೆದುರುವಿಕೆ, ಅಂದರೆ ಮಾನಕ ವಿಚಲನೆ, 4.5 ಎಂದುಕೊಳ್ಳಿ. ಅದನ್ನು 24ರ ವರ್ಗಮೂಲದಿಂದ, ಅಂದರೆ ಸುಮಾರು 4.9ರಿಂದ, ಭಾಗಿಸಿದರೆ 0.92. 24 ಜನರ ಗುಂಪಿಗೆ ಇದನ್ನು 2.07ರಿಂದ ಗುಣಿಸಬೇಕು, 1.9 ಬರುತ್ತದೆ. 2ರಿಂದ ಅಷ್ಟು ಕಳೆದು, ಅಷ್ಟು ಕೂಡಿಸಿದರೆ ಶೇ 95ರ ವಿಶ್ವಾಸಾರ್ಹ ವ್ಯಾಪ್ತಿ 0.1ರಿಂದ 3.9. ಈ ಅಂಕಿಗಳಿಗೆ ಹೊಂದುವ ನಿಜವಾದ ಪರಿಣಾಮ ನಾಲ್ಕು ತಪ್ಪಿನಷ್ಟು ದೊಡ್ಡದೂ ಇರಬಹುದು, ಇಲ್ಲವೆನ್ನುವಷ್ಟು ಚಿಕ್ಕದೂ ಇರಬಹುದು. ಸೊನ್ನೆಯ ಅಂಚಿನಲ್ಲಿ ನಿಂತ ಇಂಥ ವ್ಯಾಪ್ತಿಯನ್ನು ಮುಚ್ಚಿಟ್ಟು ‘ಪಿ 0.05ಕ್ಕಿಂತ ಕಡಿಮೆ’ ಎಂದಷ್ಟೇ ಬರೆದ ಪೋಸ್ಟರ್‌ಗಿಂತ, ವ್ಯಾಪ್ತಿಯನ್ನೇ ಬರೆದ ಪೋಸ್ಟರ್‌ಗೆ ನಾನಾದರೆ ಹೆಚ್ಚು ಅಂಕ ಕೊಡುತ್ತೇನೆ.

ಫಲಿತಾಂಶದಲ್ಲಿ ಇನ್ನೊಂದು ಸಾಲಿಗೆ ಜಾಗ ಉಳಿಸಿಕೊಳ್ಳಬೇಕು: ಒತ್ತಿದ ವೇಗ. ಸಾರ್ಟ್‌ಗೆ ಒಂದು ಹಳೆಯ ತಕರಾರಿದೆ. ಬೇಗ ಬೇಗ ಒತ್ತುವವರು ಗಮನ ಕೊಟ್ಟಿದ್ದರೂ ಹೆಚ್ಚು ತಪ್ಪುತ್ತಾರೆ, ಏಕೆಂದರೆ ಬೆರಳನ್ನು ತಡೆಯಲು ಅವರಿಗೆ ವೇಳೆಯೇ ಇರುವುದಿಲ್ಲ. ಸಂದೇಶದ ಸುತ್ತಿನಲ್ಲಿ ತಪ್ಪಿನ ಜೊತೆ ವೇಗವೂ ಏರಿದ್ದರೆ, ‘ಬೇಗ ಮುಗಿಸಿ ಫೋನ್ ನೋಡೋಣ’ ಎಂಬ ಆತುರವೂ ಕಾರಣವಿರಬಹುದು. ವೇಗ ಅಷ್ಟೇ ಇದ್ದು ತಪ್ಪು ಮಾತ್ರ ಹೆಚ್ಚಿದ್ದರೆ ಗಮನ ಜಾರಿತೆಂಬ ವಾದಕ್ಕೆ ಬಲ ಬರುತ್ತದೆ. ಎರಡೂ ಅಂಕಿ ಅಕ್ಕಪಕ್ಕ ಇದ್ದರೆ ಮಾತ್ರ ಓದುವವನು ಇದನ್ನು ತಾನೇ ತೂಗಬಲ್ಲ.

‘ತೀರ್ಮಾನ’ಕ್ಕೆ ಬಂದಾಗ ಕೈ ತುರಿಸುತ್ತದೆ: ‘ತರಗತಿಗಳಲ್ಲಿ ಮೊಬೈಲ್ ನಿಷೇಧಿಸಬೇಕು.’ ತರಗತಿಯಲ್ಲಿ ಯಾರೂ ಅಂಕೆ ನೋಡಿ ಗುಂಡಿ ಒತ್ತುತ್ತಾ ಕೂರುವುದಿಲ್ಲ, ಹಾಗಾಗಿ ಆ ಮಾತಿಗೆ ಈ ಅಂಕಿಗಳಲ್ಲಿ ಆಧಾರವಿಲ್ಲ. ಬರೆಯಬಹುದಾದದ್ದು ಇಷ್ಟು: ‘24 ವಿದ್ಯಾರ್ಥಿಗಳಲ್ಲಿ, ನಾಲ್ಕು ನಿಮಿಷದ ಪರೀಕ್ಷೆಯ ವೇಳೆ ಸಂದೇಶ ಬಂದಾಗ 25ಕ್ಕೆ ಸರಾಸರಿ ಎರಡು ತಪ್ಪು ಹೆಚ್ಚಿದವು. ಪರಿಣಾಮದ ಗಾತ್ರ ಅನಿಶ್ಚಿತ. ಒಂದು ಸುತ್ತು ಮುಗಿದ ಮೇಲೆ ಕೆಲವರಿಗೆ ಉದ್ದೇಶದ ಸುಳಿವು ಸಿಕ್ಕಿರಬಹುದು.’

ಇಷ್ಟೆಲ್ಲ ಆದ ಮೇಲೂ ಪರೀಕ್ಷಕರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಎರಡು ತಪ್ಪು ಹೆಚ್ಚಾಗಿದ್ದು ಫೋನಿನಿಂದಲೋ, ಬರೀ ಸದ್ದಿನಿಂದಲೋ? ಬಾಗಿಲು ಕಿರುಗುಟ್ಟಿದ್ದರೂ ಬೆರಳು ತಪ್ಪುತ್ತಿತ್ತೇನೋ. ಉತ್ತರ ಬೇಕಿದ್ದರೆ ಮೂರನೇ ಸುತ್ತು ಸೇರಿಸಬೇಕು. ಅದರಲ್ಲೂ ಅಷ್ಟೇ ಜೋರಿನ, ಅಷ್ಟೇ ಹೊತ್ತಿನ ಸದ್ದು ಬರಬೇಕು, ಆದರೆ ಫೋನಿನಿಂದಲ್ಲ, ಮೂಲೆಯ ಸ್ಪೀಕರ್‌ನಿಂದ. ಮೂರು ಸುತ್ತುಗಳನ್ನು ಆರು ಬಗೆಯ ಕ್ರಮದಲ್ಲಿ ಜೋಡಿಸಬಹುದು, ಒಂದೊಂದು ಕ್ರಮಕ್ಕೆ ನಾಲ್ವರಂತೆ ಕೂರಿಸಿದರೆ ಅದೇ 24 ಜನ ಸಾಕು.